ದಾವಣಗೆರೆ ಡೀಲರ್ ಸಭೆ: ಪಿವಿಸಿ ಪೈಪ್ ಕಂಪನಿಯ ಭಾಷಣ

ಡೀಲರ್ ಬಂಧುಗಳೆಲ್ಲರಿಗೂ ನಮಸ್ಕಾರ. ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆಯಿಂದ ಅಂಗಡಿ ಬಿಟ್ಟು ಬಂದಿದ್ದೀರಿ, ಧನ್ಯವಾದ. ರಾತ್ರಿ ಹೊತ್ತಲ್ಲಿ ಬೋರ್‌ವೆಲ್ ಕೊರೆಸುವ ರೈತನಿಗೂ ಬಾಗಿಲು ತೆಗೆದು ಪೈಪ್ ಕೊಡುವವರು ನೀವು. ನಮ್ಮ ಹೆಸರು ನಿಂತಿರುವುದೇ ಅದರ ಮೇಲೆ.

ಊಟಕ್ಕೆ ಮೊದಲೇ ಮಾರ್ಜಿನ್ ವಿಷಯ ಹೇಳಿಬಿಡುತ್ತೇನೆ. ಏಪ್ರಿಲ್ 1ರಿಂದ ಬಿಲ್ಲಿನಲ್ಲಿ ಶೇ 12ರ ಬದಲು ಶೇ 9. 15 ದಿನದೊಳಗೆ ಹಣ ಬಂದರೆ ಶೇ 2, ಮೂರು ತಿಂಗಳ ಗುರಿ ಮುಟ್ಟಿದರೆ ಮತ್ತೆ ಶೇ 2. ಜಿಎಸ್‌ಟಿ ಬಿಟ್ಟು 1 ಲಕ್ಷದ ಮಾಲಿಗೆ ಹಿಂದೆ 12,000 ಸಿಗುತ್ತಿತ್ತು. ಈಗ ಎರಡೂ ಸಿಕ್ಕರೆ 13,000, ಒಂದೇ ಸಿಕ್ಕರೆ 11,000, ಎರಡೂ ತಪ್ಪಿದರೆ 9,000. ಉದ್ರಿ ಹೆಚ್ಚು ಕೊಡುವವರಿಗೆ ಹೊಡೆತ ಬೀಳುತ್ತದೆ, ಮುಚ್ಚಿಡುವುದಿಲ್ಲ. ಅಡಿಕೆ, ಮೆಕ್ಕೆಜೋಳ ಮಾರಿದ ಮೇಲೆಯೇ ರೈತನ ಕೈಗೆ ದುಡ್ಡು ಬರುವುದು. ಅದಕ್ಕೇ ಮಳೆಗಾಲದ ಜುಲೈ–ಸೆಪ್ಟೆಂಬರ್ ಗುರಿಯನ್ನು ಅರ್ಧಕ್ಕೆ ಇಳಿಸಿದ್ದೇವೆ.

15 ದಿನದ ಲೆಕ್ಕ ಮಾಲು ನಿಮ್ಮ ಗೋದಾಮಿಗೆ ಇಳಿದ ದಿನದಿಂದ. ಲಾರಿ ರಸೀದಿಗೆ ತಾರೀಖು ಹಾಕಿ ಸಹಿ ಮಾಡಿ. ಇಲ್ಲದಿದ್ದರೆ ಬಿಲ್ ತಾರೀಖೇ ಲೆಕ್ಕಕ್ಕೆ ಬರುತ್ತದೆ, ಜಗಳ ಶುರುವಾಗುವುದೇ ಅಲ್ಲಿ. ಚೆಕ್ ಕೊಟ್ಟ ದಿನವಲ್ಲ, ಜಮೆಯಾದ ದಿನ ಮುಖ್ಯ. ಕ್ರೆಡಿಟ್ ನೋಟ್ ಮುಂದಿನ ತಿಂಗಳ 10ರೊಳಗೆ ಬರುತ್ತದೆ. ಮಾರ್ಚ್ 31ರೊಳಗಿನ ಆರ್ಡರ್‌ಗಳಿಗೆ ಹಳೇ ಮಾರ್ಜಿನ್ನೇ. ಈಗ ನಿಮ್ಮ ಪ್ರಶ್ನೆ ಕೇಳಿ.