ಸಾಲ ವಿಭಾಗದ ಟಿಪ್ಪಣಿ: ಗೋದಾಮಿಗಾಗಿ ಕೃಷಿ ಪತ್ತಿನ ಸಹಕಾರ ಸಂಘ ಬರೆದ ಅರ್ಜಿ ಪತ್ರ

ಶಾಖಾ ವ್ಯವಸ್ಥಾಪಕರ ಅವಗಾಹನೆಗೆ,

ರಾಣೆಬೆನ್ನೂರು ತಾಲ್ಲೂಕಿನ ಈ ಸಂಘ 500 ಟನ್ ಸಾಮರ್ಥ್ಯದ ಗೋದಾಮು ಕಟ್ಟಲು 32 ಲಕ್ಷ ರೂ. ಸಾಲ ಕೇಳಿದೆ. ಪತ್ರ ಓದಿ, ಸ್ಥಳ ನೋಡಿ ಬಂದು ಈ ಟಿಪ್ಪಣಿ ಬರೆದಿದ್ದೇನೆ. ಬೇಡಿಕೆ ನಿಜ. ಆದರೆ ಪತ್ರ ಈಗಿರುವ ಹಾಗೆ ಸಾಲ ಸಮಿತಿಯ ಮುಂದೆ ಹೋದರೆ ನಿಲ್ಲುವುದಿಲ್ಲ.

ಮೊದಲು ಉದ್ದೇಶ. ಮೊದಲ ಪುಟ ಪೂರ್ತಿ 'ರೈತರ ಸರ್ವತೋಮುಖ ಅಭಿವೃದ್ಧಿ'ಗೆ ಹೋಗಿದೆ. ಗೋದಾಮು ಎಂಬ ಮಾತು ಬರುವುದು ಎರಡನೇ ಪುಟದಲ್ಲಿ, ಅದೂ 'ಗೋದಾಮು ಮತ್ತು ಇತರೆ ವ್ಯವಹಾರಕ್ಕಾಗಿ' ಎಂದು. ಈ 'ಇತರೆ' ಏನೆಂದು ಕೇಳಿದಾಗ ಗೊಬ್ಬರ ಖರೀದಿ ಎಂದು ಕಾರ್ಯದರ್ಶಿಯವರು ಹೇಳಿದರು. ಗೊಬ್ಬರದ ದುಡ್ಡು ಒಂದು ಹಂಗಾಮಿನಲ್ಲಿ ತಿರುಗಿ ಬರುತ್ತದೆ, ಅದಕ್ಕೆ ನಗದು ಸಾಲ ಬೇರೆ ಇದೆ. ಕಟ್ಟಡದ ಅವಧಿ ಸಾಲದಲ್ಲಿ ಸೇರಿಸಬಾರದು. ಸ್ಥಳದಲ್ಲಿ ಅವರು ಆಡಿದ ಮಾತು ಪತ್ರಕ್ಕಿಂತ ಸ್ಪಷ್ಟವಾಗಿತ್ತು: "ನವೆಂಬರ್‌ದಾಗ ಗೋವಿನಜೋಳ ಬಂದ್ರ ಇಡಾಕ ಜಾಗ ಇಲ್ರೀ ಸರ. ಕಣದಾಗಿಂದನ ಕೊಟ್ಟ ಬಿಡ್ತಾರ." ಪತ್ರದ ಮೊದಲ ಸಾಲು ಇದೇ ಆಗಬೇಕಿತ್ತು.

ಮರುಪಾವತಿಯ ಲೆಕ್ಕವನ್ನೇ ಹೆಚ್ಚು ಹೊತ್ತು ನೋಡಬೇಕಾಯಿತು. ಗೋದಾಮಿಗೆ 50 ಕೆ.ಜಿ.ಯ 10,000 ಚೀಲ, ಚೀಲಕ್ಕೆ ತಿಂಗಳಿಗೆ 8 ರೂ., ಹನ್ನೆರಡು ತಿಂಗಳು, ಒಟ್ಟು 9.60 ಲಕ್ಷ ಬಾಡಿಗೆ ಎಂದು ತೋರಿಸಿದ್ದಾರೆ. ಗುಣಾಕಾರ ಸರಿ, ಆದರೆ ನಮ್ಮ ಕಡೆ ವರ್ಷವಿಡೀ ಗೋವಿನಜೋಳ ಎಲ್ಲಿ ಇರುತ್ತದೆ? ನವೆಂಬರ್‌ನಿಂದ ಏಪ್ರಿಲ್‌ವರೆಗೆ ಆರು ತಿಂಗಳು, ಸರಾಸರಿ 80% ತುಂಬಿತೆಂದು ಹಿಡಿದರೆ 3.84 ಲಕ್ಷ. ಗೊಬ್ಬರ ಇಡಲು ಸಂಘ ಈಗ ಕೊಡುತ್ತಿರುವ ಬಾಡಿಗೆ ತಿಂಗಳಿಗೆ 9,000 ರೂ.; ಅದು ಉಳಿದರೆ ವರ್ಷಕ್ಕೆ 1.08 ಲಕ್ಷ. ಎರಡೂ ಸೇರಿ 4.92 ಲಕ್ಷ. ಕಾವಲುಗಾರನ ಸಂಬಳ, ವಿಮೆ, ಹುಳದ ಔಷಧಿ, ವಿದ್ಯುತ್ ಇವು ಪತ್ರದಲ್ಲಿ ಇಲ್ಲವೇ ಇಲ್ಲ. ನನ್ನ ಅಂದಾಜು 1.70 ಲಕ್ಷ. ಕೈಗೆ ಉಳಿಯುವುದು 3.22 ಲಕ್ಷ.

ಕಟ್ಟಬೇಕಾದದ್ದು ಎಷ್ಟು? ಏಳು ವರ್ಷದಲ್ಲಿ ಮೊದಲ ವರ್ಷ ಅಸಲಿಗೆ ವಿರಾಮ, ಉಳಿದ ಆರು ವರ್ಷ ವರ್ಷಕ್ಕೆ 5.33 ಲಕ್ಷ. ಕೃಷಿ ಮೂಲಸೌಕರ್ಯ ನಿಧಿಯ 3% ಬಡ್ಡಿ ಸಹಾಯ ಸಿಕ್ಕಿ ನಮ್ಮ 9% ದರ 6%ಗೆ ಇಳಿದರೂ ಕಂತು ಶುರುವಾಗುವ ವರ್ಷ ಬಡ್ಡಿ 1.92 ಲಕ್ಷ. ಒಟ್ಟು 7.25 ಲಕ್ಷ. ಹತ್ತಿರ ಹತ್ತಿರ 4 ಲಕ್ಷ ಕೊರತೆ. ಅವಧಿ ಎಳೆಯೋಣ ಎಂದರೆ ಆ ಬಡ್ಡಿ ಸಹಾಯ ಏಳು ವರ್ಷಕ್ಕೇ ಮುಗಿಯುತ್ತದೆ. ಕೊರತೆಯನ್ನು ಸಂಘದ ಇತರ ಲಾಭದಿಂದ ತುಂಬುವುದಾದರೆ ಹಾಗೆಂದು ಬರೆಯಲಿ. 'ಸಂಘ ಲಾಭದಲ್ಲಿದೆ' ಎಂಬ ಒಂದೇ ವಾಕ್ಯ ಸಾಲದು. ಮೂರು ವರ್ಷದ ಲೆಕ್ಕಪರಿಶೋಧನಾ ವರದಿ, ಲಾಭ-ಹಾನಿ ತಖ್ತೆ ಯಾವುದೂ ಲಗತ್ತಿಸಿಲ್ಲ.

ಮಾಸಿಕ ಕಂತು ಎಂದು ಬರೆದಿರುವುದೂ ಹೊಂದುವುದಿಲ್ಲ. ರೈತರು ಮಾಲು ಮಾರಿ ಬಾಡಿಗೆ ಕಟ್ಟುವುದು ಏಪ್ರಿಲ್-ಮೇನಲ್ಲಿ. ಜುಲೈನಲ್ಲಿ ಕಂತು ಕೇಳಿದರೆ ಸುಸ್ತಿಯಾಗುವುದು ಖಂಡಿತ. ಮೇ ಕೊನೆಗೆ ವಾರ್ಷಿಕ ಕಂತು ಇಟ್ಟರೆ ಅವರಿಗೂ ನಮಗೂ ಅನುಕೂಲ.

ಸದಸ್ಯರ 1,100 ಎಕರೆ ಗೋವಿನಜೋಳ, ಎಕರೆಗೆ 20 ಕ್ವಿಂಟಲ್ ಇಳುವರಿ ಎಂದಿದ್ದಾರೆ. ಅಂದರೆ 2,200 ಟನ್. ಗೋದಾಮು ತುಂಬಲು ಅದರ ಕಾಲು ಭಾಗವೂ ಬೇಡ. ಹಾಗಿದ್ದರೂ ಎಷ್ಟು ಜನ ಇಡುತ್ತಾರೆ? ದಲಾಲರ ಬಾಕಿ, ನಮ್ಮದೇ ಬೆಳೆ ಸಾಲದ ವಾಯ್ದೆ ಎರಡೂ ಬೆನ್ನಿಗಿರುತ್ತವೆ. ಇಡಲು ಒಪ್ಪಿದವರ ಸಹಿ ಇರುವ ಪಟ್ಟಿ ಬೇಕು. ಆರು ತಿಂಗಳು ಇಟ್ಟರೆ ಕ್ವಿಂಟಲ್‌ಗೆ ಬಾಡಿಗೆಯೇ 96 ರೂ.; ತೂಕದ ಸವಕಳಿ ಬೇರೆ. ದರ ಅದಕ್ಕಿಂತ ಏರುತ್ತದೆಯೇ ಎಂಬುದಕ್ಕೆ ರಾಣೆಬೆನ್ನೂರು ಎಪಿಎಂಸಿಯ ಐದು ವರ್ಷದ ನವೆಂಬರ್ ಮತ್ತು ಏಪ್ರಿಲ್ ದರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲಿ. ತೇವಾಂಶ 14%ಕ್ಕಿಂತ ಹೆಚ್ಚಿದ್ದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಒಣಗಿಸುವ ಕಣ ಅಂದಾಜುಪಟ್ಟಿಯಲ್ಲಿ ಇಲ್ಲ.

ಸಣ್ಣದೊಂದು: ಪತ್ರದಲ್ಲಿ ಒಟ್ಟು ವೆಚ್ಚ 38 ಲಕ್ಷ, ಎಂಜಿನಿಯರರ ಅಂದಾಜಿನಲ್ಲಿ 40 ಲಕ್ಷ. ಸಂಘದ ಪಾಲು 6 ಲಕ್ಷವೋ 8 ಲಕ್ಷವೋ ಗೊತ್ತಾಗುವುದಿಲ್ಲ. ನಿವೇಶನದ ಪಹಣಿ ಸಂಘದ ಹೆಸರಿಗೇ ಇದೆ, ಆಡಳಿತ ಮಂಡಳಿಯ ಠರಾವೂ ಇದೆ.

ಷರಾ: ತಿರಸ್ಕರಿಸುವುದು ಬೇಡ. ಮೇಲಿನ ಅಂಶಗಳನ್ನು ತಿಳಿಸಿ ಪತ್ರ ವಾಪಸ್ ಕಳಿಸಬಹುದು. ಜೊತೆಗೆ 300 ಟನ್‌ನ ಗೋದಾಮಿಗೂ ಒಂದು ಅಂದಾಜು ಕೇಳೋಣ. ಸಾಲ ಇಳಿದರೆ ಕಂತು ಆದಾಯದ ಹತ್ತಿರಕ್ಕೆ ಬರುತ್ತದೆ, ಒಣಗಿಸುವ ಕಣಕ್ಕೂ ಹಣ ಹೊಂದಬಹುದು. ತಿದ್ದಿದ ಪತ್ರ ಈ ತಿಂಗಳ 20ರೊಳಗೆ ತಲುಪಿದರೆ ಮುಂದಿನ ಸಮಿತಿ ಸಭೆಗೆ ಇಡುತ್ತೇನೆ.

ಕ್ಷೇತ್ರಾಧಿಕಾರಿ, ಸಾಲ ವಿಭಾಗ