ಕಾವ್ಯಾಳ ಓದಿನ ವೇಳಾಪಟ್ಟಿ: ಜನವರಿಯಿಂದ ಪಿಯುಸಿ ಪರೀಕ್ಷೆವರೆಗೆ

ಕಾವ್ಯಾ, ನೀನು ಟ್ಯೂಷನ್ ಹೇಳಿಕೊಡುವ ಸಮಯವನ್ನು ನಾನು ಮುಟ್ಟಿಲ್ಲ. ಆ ದುಡ್ಡು ಮನೆಗೆ ಎಷ್ಟು ಬೇಕು ಅಂತ ಗೊತ್ತು. ಆದರೆ ಎರಡು ಗಂಟೆ ಮಾತಾಡಿದ ಮೇಲೆ ತಲೆ ಓಡುವುದಿಲ್ಲ. ಅದಕ್ಕೇ ಲೆಕ್ಕದ ವಿಷಯಗಳನ್ನೆಲ್ಲ ಬೆಳಿಗ್ಗೆಗೆ ಹಾಕಿದ್ದೇನೆ.

ಸೋಮವಾರದಿಂದ ಶುಕ್ರವಾರ

5:00 ಏಳು. ಮೊಬೈಲ್ ಅಮ್ಮನ ಹತ್ತಿರವೇ ಇರಲಿ.

5:15–7:00 ಸೋಮ, ಬುಧ, ಶುಕ್ರ ಲೆಕ್ಕಶಾಸ್ತ್ರ. ಸುಮ್ನೆ ಓದಬೇಡ, ಪೆನ್ನು ಹಿಡಿದು ಲೆಕ್ಕ ಮಾಡು. ಪಾಲುದಾರರ ಪ್ರವೇಶ, ನಿವೃತ್ತಿ, ವಿಸರ್ಜನೆ ಮೊದಲು. ಷೇರು, ಡಿಬೆಂಚರ್ ಆಮೇಲೆ. ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದರೆ ತಕ್ಷಣ ಉತ್ತರ ನೋಡಬೇಡ. ವ್ಯತ್ಯಾಸದ ಅರ್ಧ ಎಷ್ಟು ಅಂತ ನೋಡಿ, ಆ ಮೊತ್ತ ಎಲ್ಲಾದರೂ ಇದೆಯಾ ಹುಡುಕು. ಎಡಕ್ಕೆ ಬರೆಯಬೇಕಾದ್ದನ್ನು ಬಲಕ್ಕೆ ಬರೆದಿದ್ದರೆ ಅಲ್ಲೇ ಸಿಗುತ್ತದೆ.
ಮಂಗಳ, ಗುರು ಸಂಖ್ಯಾಶಾಸ್ತ್ರ: ಸೂಚ್ಯಂಕ, ಕಾಲಶ್ರೇಣಿ. ಕೋಷ್ಟಕದ ಪ್ರತಿ ಕಾಲಂ ಎರಡು ಸಲ ಕೂಡು.

7:00–4:15 ಸ್ನಾನ, ತಿಂಡಿ, ಕಾಲೇಜು. ಬಸ್ಸಲ್ಲಿ ಪುಸ್ತಕ ತೆಗೆಯಬೇಡ, ಕಣ್ಣು ಮುಚ್ಚಿ ಕೂತುಕೋ.

4:30–5:15 ಕಾಫಿ. ಅವತ್ತು ಕ್ಲಾಸಲ್ಲಿ ಅರ್ಥವಾಗದ್ದನ್ನು ಒಂದು ಹಾಳೆಯಲ್ಲಿ ಬರೆದಿಡು, ನಾಳೆ ಲೆಕ್ಚರರ್ ಹತ್ತಿರ ಕೇಳಬೇಕು.

5:30–7:30 ಟ್ಯೂಷನ್. ಮಕ್ಕಳು ಮಗ್ಗಿ ಬರೆಯುವಾಗ ನಿನ್ನ ಪುಸ್ತಕ ತೆರೆಯಬೇಡ. ಅವರ ತಪ್ಪು ಕಣ್ಣಿಗೆ ಬೀಳಲ್ಲ, ನಿನ್ನ ಪಾಠವೂ ತಲೆಗೆ ಹೋಗಲ್ಲ.

7:30–8:15 ಊಟ.

8:15–9:45 ಒಂದು ದಿನ ವ್ಯವಹಾರ ಅಧ್ಯಯನ, ಮರುದಿನ ಅರ್ಥಶಾಸ್ತ್ರ. ಹೊಸ ಪಾಠ ಬೇಡ, ಗೊತ್ತಿರುವುದನ್ನು ನೋಡದೆ ಬರೆ. ಫೇಯಲ್‌ನ 14 ತತ್ವಗಳು ಹೆಸರಷ್ಟೇ ಸಾಲದು, ಒಂದೊಂದಕ್ಕೂ ಎರಡು ಸಾಲು ವಿವರಣೆ ಬೇಕು. ಬೇಡಿಕೆ ರೇಖೆ ಎಳೆದಾಗ ಯಾವ ಅಕ್ಷ ಬೆಲೆ, ಯಾವುದು ಪ್ರಮಾಣ ಅಂತ ಬರೆಯದೆ ಬಿಡಬೇಡ.

10:00 ಮಲಗು. ಪಾಠ ಉಳಿದಿದ್ದರೂ ಮಲಗು. ನಿದ್ದೆ ಕದ್ದರೆ ಮರುದಿನದ ಲೆಕ್ಕಶಾಸ್ತ್ರ ಹಾಳಾಗುತ್ತದೆ.

ಶನಿವಾರ

ಮಧ್ಯಾಹ್ನ 2:30–4:30 ಕನ್ನಡ, ಇಂಗ್ಲಿಷ್. ಇವನ್ನು ಕೊನೆಗೆ ನೋಡಿಕೊಂಡರಾಯಿತು ಅಂತ ಎಲ್ಲರೂ ಬಿಡುತ್ತಾರೆ. ಒಟ್ಟು 600ರಲ್ಲಿ ಇವೆರಡರದ್ದೇ 200 ಅಂಕ, ಅಲ್ವಾ? ವ್ಯಾಕರಣ ವಾರಕ್ಕೊಮ್ಮೆ ಆಗಲೇಬೇಕು. ಸಂಜೆ ಟ್ಯೂಷನ್ ಇದ್ದದ್ದೇ. ರಾತ್ರಿ ಓದು ಬೇಡ.

ಭಾನುವಾರ

ಬೆಳಿಗ್ಗೆ 10ಕ್ಕೆ ಸರಿಯಾಗಿ ಒಂದು ವಿಷಯದ ಮಾದರಿ ಪ್ರಶ್ನೆಪತ್ರಿಕೆ, ಮೂರು ಗಂಟೆ, ನಡುವೆ ಏಳುವ ಹಾಗಿಲ್ಲ. ಊಟವಾದ ಮೇಲೆ ಇಬ್ಬರೂ ಕೂತು ತಿದ್ದೋಣ. ತಪ್ಪಾದದ್ದು ಸೋಮವಾರದ ಬೆಳಗಿನ ಓದಿಗೆ ಹೋಗುತ್ತದೆ. ಸಂಜೆ ನಿನ್ನದು. ಈ ಸಂಜೆಗೆ ಹೊಸ ಟ್ಯೂಷನ್ ಯಾರು ಕೇಳಿದರೂ ಒಪ್ಪಬೇಡ.

ಪೂರ್ವಸಿದ್ಧತಾ ಪರೀಕ್ಷೆ ಮತ್ತು ಬೋರ್ಡ್ ಪರೀಕ್ಷೆಯ ದಿನಗಳು

ಆಗ ನೀನು ಪಾಠ ಮಾಡುವುದು ಬೇಡ. ಆದರೆ ಆ ಮಕ್ಕಳಿಗೂ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿರುತ್ತದೆ, ನಡುವೆ ಕೈಬಿಡುವುದು ಸರಿಯಲ್ಲ. ಅಷ್ಟು ದಿನ ನಾನು ಹೇಳಿಕೊಡುತ್ತೇನೆ. ಯಾವ ಮಗುವಿಗೆ ಯಾವ ಪಾಠ ಬಾಕಿ ಇದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡು. ನನ್ನ ಬಸ್ಸು ಬರುವುದು ಆರಕ್ಕೆ, ಹಾಗಾಗಿ ಆ ದಿನಗಳಲ್ಲಿ ಟ್ಯೂಷನ್ ಆರೂವರೆಗೆ ಶುರು ಅಂತ ಅವರ ಮನೆಯವರಿಗೆ ಈ ವಾರವೇ ಹೇಳಿಬಿಡು.

— ಅಕ್ಕ