14 ಮಿಲಿಮೀಟರ್

ವಿಜ್ಞಾನ ವಸ್ತುಪ್ರದರ್ಶನಕ್ಕೆ ಆರು ದಿನ ಉಳಿದಿದ್ದಾಗ ಸುಮಾ ಮತ್ತು ಕಿರಣ್ ಅವರ ಹೈಡ್ರಾಲಿಕ್ ಲಿಫ್ಟ್ ಮಾದರಿಯ ಕೆಲಸ ಸಿರಿಂಜಿನ ಆಯ್ಕೆಯಲ್ಲೇ ನಿಂತುಹೋಯಿತು.

ಒತ್ತುವ ಸಿರಿಂಜಿನ ಒಳವ್ಯಾಸ 15 ಮಿ.ಮೀ. ಇದ್ದು, ಎತ್ತುವ ಸಿರಿಂಜಿನದು 30 ಮಿ.ಮೀ. ಇರಬೇಕೆಂಬುದು ಸುಮಾಳ ಪಟ್ಟು. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ನೀರಿನ ಒತ್ತಡ ಎರಡೂ ಕಡೆ ಒಂದೇ ಆಗಿರುವುದರಿಂದ ಬಲವೂ ನಾಲ್ಕು ಪಟ್ಟಾಗುತ್ತದೆ ಎಂದು ಅವಳು ಪ್ಯಾಸ್ಕಲ್ ನಿಯಮವನ್ನು ಮುಂದಿಟ್ಟಳು. ತಟ್ಟೆಯನ್ನು ದೊಡ್ಡ ಸಿರಿಂಜಿನ ತಲೆಯ ಮೇಲೆ ನೇರವಾಗಿ ಕೂರಿಸುವುದು ಅವಳ ಯೋಜನೆಯಾಗಿತ್ತು.

"56 ಮಿಲಿಮೀಟರ್ ಒತ್ತಿದರೆ ತಟ್ಟೆ ಏರುವುದು ಬರೀ 14. ಅಷ್ಟು ಏರಿದ್ದು ನೋಡುವವರ ಕಣ್ಣಿಗೇ ಬೀಳುವುದಿಲ್ಲ," ಎಂದು ಕಿರಣ್ ಒಪ್ಪಲಿಲ್ಲ. ಅವನಿಗೆ ಸಮಾನ ಸಿರಿಂಜುಗಳು ಬೇಕಿದ್ದವು. ಜೊತೆಗೆ 20 ಸೆಂ.ಮೀ. ಉದ್ದದ ದಬ್ಬೆಗಳನ್ನು ಕತ್ತರಿಯಂತೆ ಜೋಡಿಸಿ, ಜಾರುವ ಕಾಲನ್ನು ಸಿರಿಂಜಿನಿಂದ ತಳ್ಳಿದರೆ ತಟ್ಟೆ 10 ಸೆಂ.ಮೀ.ಗಿಂತ ಹೆಚ್ಚು ಏರುತ್ತದೆ ಎಂದು ಲೆಕ್ಕ ಹಾಕಿದ್ದ. ಆ ಲೆಕ್ಕವೂ ತಪ್ಪಾಗಿರಲಿಲ್ಲ, ಆದರೆ ಅದರಲ್ಲಿ ಎತ್ತರವಿತ್ತೇ ಹೊರತು ಭಾರವಿರಲಿಲ್ಲ.

ಮೊದಲು ಕಿರಣ್ ಹೇಳಿದಂತೆಯೇ ಮಾಡಿ, ತಟ್ಟೆಯ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿಯನ್ನಿಟ್ಟರು. ಅವನು ಒತ್ತಿದಾಗ ಈ ಕಡೆಯ ಸಿರಿಂಜಿನ ಪಿಸ್ಟನ್ ಒಂದಿಷ್ಟು ಒಳಗೆ ಹೋಯಿತು, ಆ ಕಡೆಯದು ಅಲುಗಲಿಲ್ಲ. ಕೊಳವೆಯ ಬಾಗಿನಲ್ಲಿ ಹೆಸರುಕಾಳಿನಷ್ಟು ದೊಡ್ಡ ಗಾಳಿಗುಳ್ಳೆಯೊಂದು ಒತ್ತಿದಾಗ ಕುಗ್ಗಿ, ಬಿಟ್ಟಾಗ ಹಿಗ್ಗುತ್ತಿತ್ತು. ಕೊಳವೆಯನ್ನು ನೀರಿನೊಳಗೆ ಮುಳುಗಿಸಿಯೇ ಮತ್ತೆ ಜೋಡಿಸಿದ ಮೇಲೆ ಗುಳ್ಳೆ ಹೋಯಿತು. ಈ ಸಲ ಕಾಲು ಜಾರುವ ಬದಲು ದಬ್ಬೆಯೇ ಬಿಲ್ಲಿನಂತೆ ಬಾಗಿತು.

"ದಬ್ಬೆ ಮಲಗಿದಷ್ಟೂ ತಳ್ಳುವುದು ಕಷ್ಟ. 10 ಡಿಗ್ರಿಯಲ್ಲಿ ಭಾರದ ಐದೂವರೆ ಪಟ್ಟಿಗಿಂತ ಹೆಚ್ಚು ಬಲ ಬೇಕು," ಎಂದು ಸುಮಾ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ತೋರಿಸಿದಳು.

ಕಿರಣ್ ತುಸು ಹೊತ್ತು ಮಾತನಾಡಲಿಲ್ಲ. ಅನಂತರ ಕೆಳಗೆ ಬಿದ್ದಿದ್ದ ಮರದ ತುಂಡೊಂದನ್ನು ತಟ್ಟೆಯ ಅಡಿಗಿಟ್ಟು, ದಬ್ಬೆಗಳು ಪೂರ್ತಿ ಮಲಗದಂತೆ ತಡೆದ. "ಹಾಗಾದರೆ ಇಲ್ಲಿಂದ ಶುರು ಮಾಡೋಣ. ಸಿರಿಂಜ್ ನಿನ್ನದೇ ಇರಲಿ."

ಕೋನಮಾಪಕವಿಟ್ಟು ನೋಡಿದಾಗ 20 ಡಿಗ್ರಿ ಇತ್ತು. ಅಲ್ಲಿ ಬೇಕಾಗುವ ಬಲ ಭಾರದ ಮೂರು ಪಟ್ಟಿಗಿಂತ ಕಡಿಮೆ, ದೊಡ್ಡ ಸಿರಿಂಜು ಕೊಡುವುದು ಕೈಬಲದ ನಾಲ್ಕು ಪಟ್ಟು. ಅದೇ 14 ಮಿ.ಮೀ. ಚಲನೆಗೆ ತಟ್ಟೆ ಸುಮಾರು 3 ಸೆಂ.ಮೀ. ಏರಬೇಕೆಂದು ಸುಮಾ ಲೆಕ್ಕ ಮಾಡುವಷ್ಟರಲ್ಲಿ ಕಿರಣ್ ಸಿರಿಂಜುಗಳನ್ನು ಬದಲಿಸಿಯಾಗಿತ್ತು. ಈ ಸಲ ಒತ್ತಿದವಳು ಅವಳು. ಬಾಟಲಿಯೊಳಗಿನ ನೀರು ಮೆಲ್ಲನೆ ತೊನೆದು, ತಟ್ಟೆ ಮರದ ತುಂಡಿನಿಂದ ಮೇಲೆದ್ದಿತು.

ಕಿರಣ್ ಸ್ಕೇಲ್ ಹಿಡಿದು ಬಗ್ಗಿದ. "ಇನ್ನೂ ಸ್ವಲ್ಪ ಒತ್ತು," ಎಂದ.